ಕೆಂಪು ದೀಪ ಉರಿಯುತ್ತಿದೆಯಾ ಅಪ್ಪ? ಊರಿನ ಮನೆಯ ಇಂಟರ್ನೆಟ್ಟನ್ನು ಫೋನಿನಲ್ಲೇ ಪರೀಕ್ಷಿಸುವ ಬಗೆ

ಕೊಡಗಿನಲ್ಲಿ ಮಳೆ ಹಿಡಿದರೆ ಮೊದಲು ಹೋಗುವುದು ಕರೆಂಟು. ಅದರ ಹಿಂದೆಯೇ ಇಂಟರ್ನೆಟ್. ಕರೆಂಟೇನೋ ಸಂಜೆಗೋ ಮರುದಿನಕ್ಕೋ ಬರುತ್ತದೆ, ನೆಟ್ ಮಾತ್ರ ಬರುವುದಿಲ್ಲ. ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ಮಕ್ಕಳು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೂತು ಫೋನಿನಲ್ಲಿ "ಆಫ್ ಮಾಡಿ ಆನ್ ಮಾಡಿ" ಎನ್ನುತ್ತಾರೆ. ಯಾವುದನ್ನು ಆಫ್ ಮಾಡಬೇಕು, ಎಷ್ಟು ಹೊತ್ತು ಬಿಡಬೇಕು, ಯಾವ ಗುಂಡಿಯನ್ನು ಮುಟ್ಟಲೇಬಾರದು ಅನ್ನುವುದು ಇಬ್ಬರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಈ ಲೇಖನ ಫೈಬರ್ ಸಂಪರ್ಕ ಇರುವ ಮನೆಗಳಿಗೆ. ಅಂದರೆ ಕಂಬದಿಂದ ತೆಳ್ಳನೆಯ ಕರಿ ಕೇಬಲ್ ಬಂದು, ಗೋಡೆಯ ಮೇಲಿನ ಒಂದು ಚಿಕ್ಕ ಪೆಟ್ಟಿಗೆಗೆ ಸೇರುವ ಮನೆಗಳಿಗೆ. ಚಾವಣಿಯ ಮೇಲೆ ಆಂಟೆನಾ ಇಟ್ಟು ಗಾಳಿಯಲ್ಲೇ ನೆಟ್ ಪಡೆಯುವ ಮನೆಗಳ ಲೆಕ್ಕ ಬೇರೆ.

## ಮೊದಲ ಪ್ರಶ್ನೆ: ಈಗ ಮಾತಾಡುತ್ತಿರುವುದು ಯಾವುದರಲ್ಲಿ?

ದೀಪದ ವಿಷಯಕ್ಕೆ ಹೋಗುವ ಮೊದಲು ಇದನ್ನು ಕೇಳಬೇಕು. ತೋಟದ ನಡುವಿನ ಎಷ್ಟೋ ಮನೆಗಳ ಒಳಗೆ ಮೊಬೈಲ್ ಟವರ್ ಸಿಗುವುದಿಲ್ಲ. ಅಲ್ಲಿ ಮೊಬೈಲ್ ಕರೆಯೂ ಮನೆಯ ವೈಫೈ ಮೂಲಕವೇ ಹೋಗುತ್ತದೆ. ವೈಫೈ ಕಾಲಿಂಗ್ ಅನ್ನುವುದು ಇದನ್ನೇ. ನೆಟ್ ಪೂರ್ತಿ ಹೋಗಿದ್ದರೆ ಈ ಕರೆಯೇ ಬರುವುದಿಲ್ಲ. ಆದರೆ ನೆಟ್ ನಿಧಾನವಾಗಿದೆ, ಬಂದು ಹೋಗಿ ಮಾಡುತ್ತಿದೆ ಅನ್ನುವಾಗ ಕರೆ ವೈಫೈ ಮೇಲೆಯೇ ಇರಬಹುದು. ಆಗ ನೀವು "ಪೆಟ್ಟಿಗೆ ಆಫ್ ಮಾಡಿ" ಅಂದ ಕೂಡಲೇ ಮಾತೂ ನಿಲ್ಲುತ್ತದೆ. ಆ ಕಡೆ ಅಪ್ಪ ಗಾಬರಿಯಾಗಿ ಇನ್ನೇನೋ ಒತ್ತುತ್ತಾರೆ.

ಲ್ಯಾಂಡ್‌ಲೈನ್ ಇದೆಯಲ್ಲ ಅಂತ ನೆಚ್ಚಿಕೊಳ್ಳುವ ಹಾಗೂ ಇಲ್ಲ. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು. ಮನೆಯಲ್ಲಿ ಎರಡು ದಿನ ಕರೆಂಟ್ ಇಲ್ಲದಿದ್ದರೂ ಅದು ರಿಂಗ್ ಆಗುತ್ತಿತ್ತು. ಹಿರಿಯರಿಗೆ ಆ ಅಭ್ಯಾಸ ಇನ್ನೂ ಇದೆ. ಈಗಿನ ಫೈಬರ್ ಲ್ಯಾಂಡ್‌ಲೈನ್ ಅದೇ ಪೆಟ್ಟಿಗೆಯ ಹಿಂಬದಿಗೆ ಸಿಕ್ಕಿಸಿದ ಫೋನು. ಪೆಟ್ಟಿಗೆ ಸತ್ತರೆ ಅದೂ ಸತ್ತಿತು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಹಾಗಾಗಿ ಮಳೆಗಾಲಕ್ಕೆ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಮನೆಯ ಸುತ್ತ ಟವರ್ ಸಿಗುವ ಜಾಗ ಯಾವುದು ಅಂತ ಅಪ್ಪ ಅಮ್ಮನಿಗೆ ಗೊತ್ತೇ ಇರುತ್ತದೆ. ಗೇಟಿನ ಹತ್ತಿರವೋ, ಕಾಫಿ ಒಣಗಿಸುವ ಕಣದ ಮೂಲೆಯೋ ಇರಬಹುದು. ಫೋನಿನ ವೈಫೈ ಆಫ್ ಮಾಡಿ ಅಲ್ಲಿಂದ ಕರೆ ಮಾಡಲಿ. ಪೆಟ್ಟಿಗೆ ನೋಡಲು ಒಳಗೆ ಹೋಗಿ, ಕಂಡದ್ದನ್ನು ಚೀಟಿಯಲ್ಲಿ ಬರೆದುಕೊಂಡು ಮತ್ತೆ ಅದೇ ಜಾಗಕ್ಕೆ ಬರಲಿ. ಸ್ವಲ್ಪ ಓಡಾಟ ನಿಜ. ವಿಡಿಯೊ ಕರೆಯಲ್ಲಿ ತೋರಿಸಲಿ ಅಂದರೆ ಅದಕ್ಕೇ ನೆಟ್ ಬೇಕು, ಅಲ್ವಾ?

## ಪೆಟ್ಟಿಗೆಯ ಕೆಲಸ ಏನು?

ಗೋಡೆಯ ಮೇಲಿನ ಪೆಟ್ಟಿಗೆಯನ್ನು ಕೆಲವರು ರೂಟರ್ ಅನ್ನುತ್ತಾರೆ, ಕೆಲವರು ಮೋಡೆಮ್ ಅನ್ನುತ್ತಾರೆ, ಕಂಪನಿಯ ಹುಡುಗರು ಒಎನ್‌ಟಿ ಅನ್ನುತ್ತಾರೆ. ಹೆಸರು ಯಾವುದಾದರೂ ಇರಲಿ. ಅದು ಮಾಡುವ ಕೆಲಸ ಎರಡು. ಫೈಬರಿನಲ್ಲಿ ಬರುವ ಬೆಳಕನ್ನು ಓದಿ ಸಂಕೇತವಾಗಿ ಬದಲಿಸುವುದು ಒಂದು. ಆ ಸಂಕೇತವನ್ನು ವೈಫೈ ಆಗಿ ಮನೆಗೆ ಹಂಚುವುದು ಇನ್ನೊಂದು. ಕೆಲವು ಮನೆಗಳಲ್ಲಿ ಈ ಎರಡು ಕೆಲಸಕ್ಕೆ ಎರಡು ಬೇರೆ ಪೆಟ್ಟಿಗೆ ಇರುತ್ತವೆ.

ಫೈಬರ್ ಅಂದರೆ ಗಾಜಿನ ಎಳೆ. ಬೆಳಕು ಓಡುವ ನಡುಭಾಗದ ದಪ್ಪ ಸುಮಾರು 9 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗಿಂತಲೂ ಸ್ವಲ್ಪ ಕಡಿಮೆ. ಅದರಲ್ಲಿ ಓಡುವುದು ಕಣ್ಣಿಗೆ ಕಾಣದ ಬೆಳಕು. ಪೇಟೆಯಲ್ಲಿರುವ ಕಂಪನಿಯ ಯಂತ್ರದಿಂದ ಹೊರಟ ಒಂದು ಎಳೆ ದಾರಿಯಲ್ಲಿ ಕವಲೊಡೆಯುತ್ತದೆ. ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಒಂದೇ ಮೂಲದ ಬೆಳಕು ಹಂಚಿ ಹೋಗುತ್ತದೆ. ಕವಲೊಡೆಯುವ ಜಾಗದಲ್ಲಿ ಕರೆಂಟೇ ಬೇಕಿಲ್ಲ. ಮನೆಯ ಪೆಟ್ಟಿಗೆಗೂ ಪೇಟೆಯ ಯಂತ್ರಕ್ಕೂ ವಿದ್ಯುತ್ ಇದ್ದರೆ ಸಾಕು.

ಕೊಡಗಿನ ಎಷ್ಟೋ ಮನೆಗಳಿಗೆ ಗುಡ್ಡದ ಮೇಲಿನ ಒರತೆಯಿಂದ ಪೈಪಿನಲ್ಲಿ ನೀರು ಬರುತ್ತದೆ. ಮೇಲೆಲ್ಲೋ ಪೈಪು ಒಡೆದಿದ್ದರೆ ಅಡುಗೆಮನೆಯ ನಲ್ಲಿಯನ್ನು ಎಷ್ಟು ಸಲ ತಿರುಗಿಸಿದರೂ ನೀರು ಬರುವುದಿಲ್ಲ. ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡುವುದು ನಲ್ಲಿ ತಿರುಗಿಸಿದ ಹಾಗೆ. ತೊಂದರೆ ನಲ್ಲಿಯಲ್ಲಿದೆಯಾ ಪೈಪಿನಲ್ಲಿದೆಯಾ ಅಂತ ಹೇಳುವುದು ದೀಪಗಳು.

## ಓದಬೇಕಾದ್ದು ಮೂರೇ ದೀಪ

ಪೆಟ್ಟಿಗೆಯ ಮುಖದಲ್ಲಿ ಏಳೆಂಟು ದೀಪ ಇರಬಹುದು. ಎಲ್ಲವನ್ನೂ ಓದಿಸಲು ಹೋದರೆ ಇಬ್ಬರಿಗೂ ತಲೆ ಕೆಡುತ್ತದೆ. ಮೂರು ಸಾಕು.

ಮೊದಲನೆಯದು POWER. ಇದು ಹಸಿರಾಗಿ, ಅಲುಗಾಡದೆ ಉರಿಯಬೇಕು. ಇದೇ ಇಲ್ಲ ಅಂದರೆ ಪೆಟ್ಟಿಗೆಗೆ ಕರೆಂಟ್ ಮುಟ್ಟಿಲ್ಲ. ಉಳಿದ ದೀಪಗಳ ಮಾತೇ ಬೇಡ.

ಎರಡನೆಯದು LOS. ಲಾಸ್ ಆಫ್ ಸಿಗ್ನಲ್ ಅನ್ನುವುದರ ಚಿಕ್ಕ ರೂಪ. ಇಲ್ಲಿ ಹಿರಿಯರಿಗೆ ಒಂದು ಗೊಂದಲ ಆಗುತ್ತದೆ. ಬೇರೆ ದೀಪಗಳು ಉರಿದರೆ ಒಳ್ಳೆಯದು, ಇದು ಮಾತ್ರ ಆರಿರುವುದೇ ಒಳ್ಳೆಯದು. ಇದು ಕೆಂಪಾಗಿ ಉರಿದರೆ, ಹೆಚ್ಚಿನ ಪೆಟ್ಟಿಗೆಗಳಲ್ಲಿ ಮಿನುಗಿದರೆ, ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಅಥವಾ ಪೆಟ್ಟಿಗೆ ಓದಲಾಗದಷ್ಟು ಮಂದವಾಗಿದೆ ಎಂದರ್ಥ. ಅಂದರೆ ತೊಂದರೆ ಪೈಪಿನಲ್ಲಿದೆ.

ಮೂರನೆಯದು PON. ಪೆಟ್ಟಿಗೆ ಪೇಟೆಯ ಯಂತ್ರದ ಜೊತೆ ಮಾತು ಕುದುರಿಸಿಕೊಂಡಿದೆ ಅನ್ನುವುದಕ್ಕೆ ಇದೇ ಗುರುತು. ಹಸಿರಾಗಿ ನಿಂತು ಉರಿದರೆ ಸರಿ. ಮಿನುಗುತ್ತಿದ್ದರೆ ಇನ್ನೂ ಪ್ರಯತ್ನಪಡುತ್ತಿದೆ ಅಂತ. ಈಗಷ್ಟೇ ಆನ್ ಮಾಡಿದ್ದರೆ ಮಿನುಗುವುದು ಸಹಜ. 5 ನಿಮಿಷವಾದರೂ ನಿಲ್ಲದಿದ್ದರೆ ಬೆಳಕು ಬರುತ್ತಿದೆ, ಆದರೆ ಆ ಕಡೆಯ ಯಂತ್ರ ನಮ್ಮ ಪೆಟ್ಟಿಗೆಯನ್ನು ಒಪ್ಪಿಕೊಳ್ಳುತ್ತಿಲ್ಲ. ಅದನ್ನು ಕಂಪನಿಯವರೇ ನೋಡಬೇಕು.

ಉಳಿದಂತೆ WLAN ಅಥವಾ ವೈಫೈ ಅಂತ ಬರೆದಿರುವ ದೀಪ ಮನೆಯೊಳಗಿನ ಹಂಚಿಕೆಯದು. INTERNET ಅಂತ ಒಂದು ದೀಪ ಕೆಲವು ಪೆಟ್ಟಿಗೆಗಳಲ್ಲಿ ಇರುತ್ತದೆ. ಈ ಎರಡೂ ಆಮೇಲೆ ಬೇಕಾಗುತ್ತವೆ. LAN ಮತ್ತು TEL ದೀಪಗಳನ್ನು ಬಿಟ್ಟುಬಿಡಿ.

ಒಂದು ಎಚ್ಚರಿಕೆ. ಎಲ್ಲ ಪೆಟ್ಟಿಗೆಗಳೂ ಒಂದೇ ಥರ ಇಲ್ಲ. ಕೆಲವದರಲ್ಲಿ ಒಂದೇ ದೀಪ ಬಣ್ಣ ಬದಲಿಸುತ್ತದೆ. ಕೆಲವದರಲ್ಲಿ ಅಕ್ಷರಗಳ ಬದಲು ಬರೀ ಚಿತ್ರ. ಅದಕ್ಕೇ ನೆಟ್ ಚೆನ್ನಾಗಿರುವ ದಿನ ಪೆಟ್ಟಿಗೆಯ ಮುಖದ ಒಂದು ಫೋಟೊ ತೆಗೆದು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಎಡಗಡೆಯಿಂದ ಎಷ್ಟನೆಯ ದೀಪ ಯಾವುದು ಅನ್ನುವುದು ಆಗ ನಿಮಗೆ ಗೊತ್ತಿರುತ್ತದೆ.

## ಕೇಳುವ ರೀತಿ

"ಲೈಟ್ ಇದೆಯಾ?" ಅಂತ ಕೇಳಿದರೆ "ಇದೆ, ಎಲ್ಲ ಇದೆ" ಅನ್ನುವ ಉತ್ತರ ಬರುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಪೊರೆ ಬಂದ ಕಣ್ಣಿಗೆ ಆ ಚಿಕ್ಕ ಅಕ್ಷರ ಕಾಣುವುದಿಲ್ಲ. ಕೆಂಪು ಕಿತ್ತಳೆಗೆ ವ್ಯತ್ಯಾಸವೂ ತಿಳಿಯುವುದಿಲ್ಲ. ಹಾಗಾಗಿ ಬಣ್ಣಕ್ಕಿಂತ ಜಾಗ ಮತ್ತು ಮಿನುಗು ಕೇಳುವುದು ವಾಸಿ.

"ಅಪ್ಪ, ರೂಮಿನ ಲೈಟ್ ಆರಿಸಿ. ಪೆಟ್ಟಿಗೆ ಎದುರು ನಿಂತುಕೊಳ್ಳಿ. ಎಡಗಡೆಯಿಂದ ಎಣಿಸಿ. ಮೂರನೆಯದು ಉರಿಯುತ್ತಿದೆಯಾ? ಹತ್ತು ಎಣಿಸುವವರೆಗೂ ಅದನ್ನೇ ನೋಡಿ. ನಿಂತು ಉರಿಯುತ್ತಾ, ಹೋಗಿ ಬಂದು ಮಾಡುತ್ತಾ?" ಹೀಗೆ ಒಂದೊಂದೇ ಪ್ರಶ್ನೆ ಕೇಳಬೇಕು. ಹತ್ತು ಎಣಿಸಲು ಹೇಳುವುದಕ್ಕೆ ಕಾರಣ ಇದೆ. ನಿಧಾನವಾಗಿ ಮಿನುಗುವ ದೀಪವನ್ನು ಒಂದು ಕ್ಷಣ ನೋಡಿದರೆ ಉರಿಯುತ್ತಿದೆ ಅಂತಲೋ ಆರಿದೆ ಅಂತಲೋ ತಪ್ಪು ತಿಳಿಯಬಹುದು.

## ಯಾವ ರೀಸ್ಟಾರ್ಟಿಗೆ ಹೆದರಬೇಕಿಲ್ಲ

ಗೋಡೆಯ ಸ್ವಿಚ್ಚಿನಲ್ಲಿ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಾಕುವುದರಿಂದ ಯಾವ ಸೆಟ್ಟಿಂಗೂ ಅಳಿಸಿಹೋಗುವುದಿಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ಪೆಟ್ಟಿಗೆಯ ಒಳಗೆ ಉಳಿದಿರುತ್ತವೆ. ಕರೆಂಟ್ ಹೋಗಿ ಬಂದಾಗ ಆಗುವುದೂ ಇದೇ ತಾನೇ.

ಆದರೆ ಸ್ವಿಚ್ಚನ್ನು ಟಪ ಟಪ ಒತ್ತಿದರೆ ಆಗದು. ಆರಿಸಿದ ಮೇಲೆ 30 ಸೆಕೆಂಡ್ ಬಿಡಬೇಕು. ಅಡಾಪ್ಟರ್ ಮತ್ತು ಪೆಟ್ಟಿಗೆಯ ಒಳಗೆ ಸ್ವಲ್ಪ ವಿದ್ಯುತ್ ಉಳಿದಿರುತ್ತದೆ, ಅದು ಪೂರ್ತಿ ಇಳಿದರೇನೇ ಪೆಟ್ಟಿಗೆ ನಿಜವಾಗಿ ಮೊದಲಿಂದ ಶುರುವಾಗುತ್ತದೆ. ಹಾಕಿದ ಮೇಲೆ 5 ನಿಮಿಷ ಮುಟ್ಟದೆ ಕಾಯಬೇಕು. ಆ ಹೊತ್ತಿನಲ್ಲಿ ದೀಪಗಳು ಒಂದಾದ ಮೇಲೊಂದು ಕುಣಿಯುತ್ತವೆ. ಅದನ್ನು ನೋಡಿ ಹಾಳಾಯಿತು ಅಂದುಕೊಂಡು ಮತ್ತೆ ಆರಿಸುವವರೇ ಜಾಸ್ತಿ. "ಆನ್ ಮಾಡಿ ಒಂದು ಕಾಫಿ ಕುಡಿದು ಬನ್ನಿ" ಅಂದರೆ ಕೆಲಸ ಸುಲಭ.

ಕಾಯಲು ಇನ್ನೊಂದು ಕಾರಣ. ಕೆಲವು ಸಂಪರ್ಕಗಳಲ್ಲಿ ಪೆಟ್ಟಿಗೆ ಪ್ರತಿ ಸಲ ಶುರುವಾದಾಗಲೂ ತನ್ನ ಹೆಸರು, ಗುಟ್ಟಿನ ಪದ ಹೇಳಿ ಒಳಗೆ ಸೇರಿಕೊಳ್ಳಬೇಕು. ಕರೆಂಟ್ ದಿಢೀರ್ ಹೋದಾಗ ಪೆಟ್ಟಿಗೆ ಹೊರಬಂದದ್ದು ಆ ಕಡೆಗೆ ತಕ್ಷಣ ತಿಳಿಯುವುದಿಲ್ಲ. ಹಳೆಯ ಸೇರ್ಪಡೆ ಕೆಲ ನಿಮಿಷ ಹಾಗೇ ಉಳಿದು, ಹೊಸದನ್ನು ಬಿಡದೆ ಇರಬಹುದು. ಮೇಲಿಂದ ಮೇಲೆ ಆರಿಸಿ ಹಾಕಿದರೆ ಈ ತೊಡಕು ಇನ್ನೂ ಎಳೆಯುತ್ತದೆ.

ಎರಡು ಪೆಟ್ಟಿಗೆ ಇರುವ ಮನೆಯಲ್ಲಿ ಎರಡನ್ನೂ ಆರಿಸಿ. ಫೈಬರ್ ಸಿಕ್ಕಿಸಿರುವ ಪೆಟ್ಟಿಗೆಯನ್ನು ಮೊದಲು ಹಾಕಿ. ಅದರ PON ದೀಪ ನಿಂತು ಉರಿದ ಮೇಲೆ ವೈಫೈ ಪೆಟ್ಟಿಗೆ ಹಾಕಿ. ಎರಡನೆಯದು ಮೊದಲನೆಯದನ್ನು ವಿಳಾಸ ಕೇಳಿ ಪಡೆಯುವ ಕ್ರಮ ಇದು. ಕೇಳುವ ಹೊತ್ತಿಗೆ ಅದು ಎದ್ದಿರಬೇಕು.

ಫೋನನ್ನು ಆರಿಸಿ ಹಾಕುವುದು, ಟಿವಿಯನ್ನು ಆರಿಸಿ ಹಾಕುವುದು, ಫೋನಿನಲ್ಲಿ ವೈಫೈಯನ್ನು ಆಫ್ ಮಾಡಿ ಆನ್ ಮಾಡುವುದು, ಇವು ಯಾವುದರಿಂದಲೂ ತೊಂದರೆ ಇಲ್ಲ. ಪೆಟ್ಟಿಗೆಯ ರೀಸ್ಟಾರ್ಟ್ ಮಾತ್ರ ಒಂದು ಹೊತ್ತಿಗೆ ಎರಡು ಸಲ ಸಾಕು. ಎರಡನೆಯ ಸಲಕ್ಕೂ ಆಗದ್ದು ಹತ್ತನೆಯ ಸಲಕ್ಕೂ ಆಗುವುದಿಲ್ಲ. LOS ಕೆಂಪಾಗಿದ್ದರೆ ಒಂದೇ ಸಲ ನೋಡಿ ಬಿಟ್ಟುಬಿಡಿ.

POWER ದೀಪವೇ ಇಲ್ಲದಿದ್ದರೆ ಕೆಲಸ ಇನ್ನೂ ಸರಳ. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಲು ಹೇಳಿ. ಚಾರ್ಜ್ ಆದರೆ ಪ್ಲಗ್ ಸರಿ ಇದೆ. ಪೆಟ್ಟಿಗೆಯ ಹಿಂದಿನ ದುಂಡನೆಯ ಪಿನ್ನು ಸಡಿಲವಾಗಿರಬಹುದು, ಮೆತ್ತಗೆ ಒತ್ತಲಿ. ಪೆಟ್ಟಿಗೆಯ ಪಕ್ಕದಲ್ಲಿ ಆನ್ ಆಫ್ ಗುಂಡಿ ಇದ್ದರೆ ಒರೆಸುವಾಗ ಒತ್ತಿಹೋಗಿರಬಹುದು. ಇಷ್ಟಕ್ಕೂ ಉರಿಯದಿದ್ದರೆ ಅಡಾಪ್ಟರ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಆದರೆ ಮನೆಯಲ್ಲಿರುವ ಬೇರೆ ಅಡಾಪ್ಟರ್ ಸಿಕ್ಕಿಸಿ ನೋಡುವುದು ಬೇಡ. ಪಿನ್ನು ಒಂದೇ ಅಳತೆಯದಾದರೂ ಒಳಗಿನ ವೋಲ್ಟ್ ಬೇರೆ ಇರುತ್ತದೆ. ಹೆಚ್ಚಿನ ಪೆಟ್ಟಿಗೆಗಳು 12 ವೋಲ್ಟಿನವು. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿಸಿ ಬರೆದುಕೊಂಡು, ಅಂಥದ್ದೇ ತರಿಸಿ.

## ಮುಟ್ಟಬಾರದ್ದು

ಪೆಟ್ಟಿಗೆಯ ಹಿಂದೆ ಅಥವಾ ಕೆಳಗೆ ಸೂಜಿ ತೂರುವಷ್ಟು ಚಿಕ್ಕ ತೂತು ಇರುತ್ತದೆ. ಪಕ್ಕದಲ್ಲಿ RESET ಅಂತ ಬರೆದಿರುತ್ತದೆ. ರೀಸ್ಟಾರ್ಟ್, ರೀಸೆಟ್ ಎರಡೂ ಕಿವಿಗೆ ಒಂದೇ ಥರ ಕೇಳುತ್ತವೆ, ಫೋನಿನಲ್ಲಂತೂ ಇನ್ನೂ ಗೊಂದಲ. ಅದಕ್ಕೇ ಅಪ್ಪ ಅಮ್ಮನ ಹತ್ತಿರ ಈ ಎರಡು ಪದಗಳನ್ನೂ ಬಳಸದಿರುವುದು ಒಳ್ಳೆಯದು. "ಗೋಡೆಯ ಸ್ವಿಚ್ ಆರಿಸಿ" ಅಂದರೆ ಸಾಕು. ಆ ತೂತಿಗೆ ಪಿನ್ನು ಹಾಕಿ ಹತ್ತು ಸೆಕೆಂಡ್ ಒತ್ತಿದರೆ ಪೆಟ್ಟಿಗೆ ಅಂಗಡಿಯಿಂದ ಬಂದ ದಿನದ ಸ್ಥಿತಿಗೆ ಹೋಗುತ್ತದೆ. ವೈಫೈ ಹೆಸರು ಹೋಗುತ್ತದೆ. ಜೊತೆಗೆ ಕಂಪನಿಯವರು ತುಂಬಿಸಿದ ಹೆಸರು, ಗುಟ್ಟಿನ ಪದವೂ ಹೋಗುತ್ತವೆ. ಕೆಲವು ಕಂಪನಿಗಳು ಅದನ್ನು ದೂರದಿಂದಲೇ ಮತ್ತೆ ತುಂಬುತ್ತವೆ. ಎಷ್ಟೋ ಕಡೆ ಹುಡುಗ ಮನೆಗೇ ಬರಬೇಕು. ಐದು ನಿಮಿಷದ ತೊಂದರೆ ವಾರದ ತೊಂದರೆಯಾಗುವುದು ಹೆಚ್ಚಾಗಿ ಇಲ್ಲೇ. ಆ ತೂತಿನ ಮೇಲೆ ಒಂದು ಟೇಪ್ ಅಂಟಿಸಿಬಿಡಿ.

ಎರಡನೆಯದು ಫೈಬರ್ ಎಳೆ. ಪೆಟ್ಟಿಗೆಗೆ ಸೇರುವ ತೆಳ್ಳನೆಯ ಹಳದಿ ಅಥವಾ ಬಿಳಿ ವಯರು, ತುದಿಯಲ್ಲಿ ಹಸಿರೋ ನೀಲಿಯೋ ಚೌಕ ಪ್ಲಗ್ಗು. ಅದನ್ನು ಕಿತ್ತು ಮತ್ತೆ ಹಾಕುವುದು, ತುದಿಯನ್ನು ಬಟ್ಟೆಯಲ್ಲಿ ಒರೆಸುವುದು, ಬಾಯಿಯಿಂದ ಊದುವುದು ಯಾವುದೂ ಬೇಡ. ಬೆಳಕು ಓಡುವ ಜಾಗ ಎಷ್ಟು ಚಿಕ್ಕದು ಅಂತ ಮೊದಲೇ ನೋಡಿದೆವು. ಒಂದು ಕಣ ದೂಳು ಅದನ್ನು ಮುಚ್ಚಲು ಸಾಕು. ಕಿತ್ತ ತುದಿಯ ಒಳಗೆ ಕಣ್ಣಿಟ್ಟು ನೋಡುವುದಂತೂ ಬೇಡವೇ ಬೇಡ. ಬೆಳಕು ಕಾಣುವುದಿಲ್ಲ, ಆದರೆ ಇರುತ್ತದೆ. ಎಳೆಯನ್ನು ಬೆರಳಿಗೆ ಸುತ್ತಿದಷ್ಟು ಬಿಗಿಯಾಗಿ ಮಡಿಸಿದರೂ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ. ಅಪ್ಪ ಮಾಡಬಹುದಾದ್ದು ಒಂದೇ: ಎಳೆಯ ಮೇಲೆ ಪೇಪರ್ ಕಟ್ಟು, ಕುರ್ಚಿಯ ಕಾಲು, ಬಾಗಿಲು ಒತ್ತಿಕೊಂಡಿದೆಯಾ ನೋಡಿ ಅದನ್ನು ತೆಗೆಯುವುದು. ಎಳೆಯನ್ನು ಎಳೆಯದೆ.

ಮೂರನೆಯದು ಗುಡುಗು. ಮಾರ್ಚ್ ಏಪ್ರಿಲ್‌ನ ಹೂಮಳೆ ಸಿಡಿಲಿನ ಜೊತೆಗೇ ಬರುತ್ತದೆ. ಗಾಜಿನಲ್ಲಿ ಸಿಡಿಲಿನ ವಿದ್ಯುತ್ ಹರಿಯದಿದ್ದರೂ ಕರೆಂಟ್ ಲೈನಿನಲ್ಲಿ ಹರಿದು ಅಡಾಪ್ಟರಿಗೆ ಬರುತ್ತದೆ. ಕಂಬದಿಂದ ಬರುವ ಫೈಬರ್ ಕೇಬಲ್ಲಿನ ಒಳಗೂ ಗಟ್ಟಿಗೆ ಇರಲಿ ಅಂತ ಲೋಹದ ತಂತಿ ಇರುವುದುಂಟು. ಮೋಡ ಕವಿಯುವಾಗಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡುವುದು ಒಳ್ಳೆಯದು. ಸ್ವಿಚ್ ಆರಿಸಿದರೆ ಸಾಲದು. ಗುಡುಗು ಹತ್ತಿರ ಬಂದ ಮೇಲೆ ಮಾತ್ರ ವಯರು ಮುಟ್ಟಲು ಹೇಳಬೇಡಿ, ಪೆಟ್ಟಿಗೆ ಹೋದರೆ ಹೋಗಲಿ.

## ಕಕ್ಕಡದ ಒಂದು ಬೆಳಗ್ಗೆ

ಇದನ್ನೆಲ್ಲ ಒಂದು ಉದಾಹರಣೆಯಲ್ಲಿ ನೋಡೋಣ. ಜುಲೈ ಕೊನೆಯ ವಾರ, ಕೊಡಗಿನವರ ಕಕ್ಕಡ ತಿಂಗಳು. ನಾಪೋಕ್ಲು ಕಡೆಯ ಒಂದು ತೋಟದ ಮನೆ ಅಂದುಕೊಳ್ಳಿ. ರಾತ್ರಿಯಿಡೀ ಗಾಳಿ ಮಳೆ. ಕರೆಂಟ್ ಹೋದದ್ದು ಬೆಳಗ್ಗೆ ಎಂಟಕ್ಕೆ ಬಂದಿದೆ. ಒಂಬತ್ತಕ್ಕೆ ಅಪ್ಪ ಗೇಟಿನ ಹತ್ತಿರದಿಂದ ಮಗಳಿಗೆ ಫೋನ್ ಮಾಡುತ್ತಾರೆ.

"ನೆಟ್ ಇಲ್ಲ ಮಗಳೇ. ಎರಡು ಸಲ ಆಫ್ ಮಾಡಿ ನೋಡಿದೆ."

"ಸರಿ ಅಪ್ಪ, ಇನ್ನು ಆಫ್ ಮಾಡಬೇಡಿ. ಒಳಗೆ ಹೋಗಿ ಮೂರು ದೀಪ ನೋಡಿ ಬನ್ನಿ. ಮೊದಲನೆಯದು, ಎರಡನೆಯದು, ಮೂರನೆಯದು. ಉರಿಯುತ್ತಾ, ಆರಿದೆಯಾ, ಮಿನುಗುತ್ತಾ ಅಂತ ಬರೆದುಕೊಳ್ಳಿ."

ಅಪ್ಪ ಕೊಡೆ ಹಿಡಿದು ಹೋಗಿ ಬರುತ್ತಾರೆ. ಮೊದಲನೆಯದು ಉರಿಯುತ್ತಿದೆ. ಎರಡನೆಯದು, ಅಂದರೆ ಆ ಮನೆಯ ಪೆಟ್ಟಿಗೆಯಲ್ಲಿ PON, ಆರಿದೆ. ಮೂರನೆಯದು ಕೆಂಪು, ಹೋಗಿ ಬಂದು ಮಾಡುತ್ತಿದೆ.

ಇಷ್ಟರಲ್ಲೇ ಮಗಳಿಗೆ ಅರ್ಧ ಉತ್ತರ ಸಿಕ್ಕಿತು. ಪೆಟ್ಟಿಗೆಗೆ ಕರೆಂಟ್ ಇದೆ. ಬೆಳಕು ಬರುತ್ತಿಲ್ಲ. ಈಗ ತಿಳಿಯಬೇಕಾದ್ದು ಬೆಳಕು ಎಲ್ಲಿ ನಿಂತಿದೆ ಅನ್ನುವುದು. ಮನೆಯೊಳಗಾ, ಮನೆಗೂ ಕಂಬಕ್ಕೂ ನಡುವೆಯಾ, ಅಥವಾ ಇನ್ನೂ ಆಚೆಗಾ?

ಮನೆಯೊಳಗೆ ಎಳೆಯ ಮೇಲೆ ಏನೂ ಒತ್ತಿಕೊಂಡಿಲ್ಲ ಅಂತ ಅಪ್ಪ ನೋಡಿ ಬಂದರು. ಇನ್ನು ಪಕ್ಕದ ಮನೆ. ಅದೇ ಕಂಪನಿಯ ಸಂಪರ್ಕ ಇರುವ ಮನೆಯವರಿಗೆ ಒಂದು ಫೋನ್. ಅವರಲ್ಲೂ ಕೆಂಪು ದೀಪ ಇದ್ದರೆ ಪೇಟೆಯ ಯಂತ್ರದಿಂದ ಕವಲಿನವರೆಗೆ ಬರುವ ಕೇಬಲ್ಲೇ ಹೋಗಿರಬಹುದು. ಅಥವಾ ರಾತ್ರಿಯಿಡೀ ಕರೆಂಟ್ ಇಲ್ಲದೆ ಪೇಟೆಯ ಯಂತ್ರದ ಬ್ಯಾಟರಿ ಇಳಿದಿರಬಹುದು. ಆ ಯಂತ್ರ ನಿಂತರೂ ಎಲ್ಲ ಮನೆಯಲ್ಲೂ ಇದೇ ಕೆಂಪು ದೀಪ ಬರುತ್ತದೆ, ಕೇಬಲ್ ಎಲ್ಲೂ ತುಂಡಾಗಿರುವುದಿಲ್ಲ. ಆಗ ಅಲ್ಲಿಗೆ ಕರೆಂಟ್ ಬಂದ ಮೇಲೆ ನೆಟ್ ತಾನಾಗಿಯೇ ಬರುತ್ತದೆ.

ಈ ಸಲ ಪಕ್ಕದ ಮನೆಯಲ್ಲಿ ನೆಟ್ ಸರಿ ಇದೆ. ಅಂದರೆ ತೊಂದರೆ ಇರುವುದು ಇವರ ಮನೆಗೆ ಕವಲೊಡೆದ ಎಳೆಯಲ್ಲೇ.

"ಅಪ್ಪ, ನಿಂತಲ್ಲಿಂದಲೇ ಕಂಬದ ಕಡೆ ನೋಡಿ. ಕರಿ ಕೇಬಲ್ ಮನೆವರೆಗೂ ಮೇಲೇ ಇದೆಯಾ?"

"ಎರಡನೇ ಕಂಬದ ಹತ್ತಿರ ಸಿಲ್ವರ್ ಮರದ ಕೊಂಬೆ ಬಿದ್ದಿದೆ. ವಯರು ನೆಲಕ್ಕೆ ಜೋತಿದೆ. ಕೊಂಬೆ ತೆಗೆಯಲಾ?"

"ಬೇಡ ಅಪ್ಪ. ಹತ್ತಿರ ಹೋಗಲೇಬೇಡಿ."

ಇಲ್ಲಿ ಇದೇ ಸರಿಯಾದ ಉತ್ತರ. ಜೋತುಬಿದ್ದದ್ದು ಫೈಬರ್ ಕೇಬಲ್ಲೇ ಇರಬಹುದು. ಆದರೆ ಅದೇ ಕೊಂಬೆ ಮೇಲಿನ ವಿದ್ಯುತ್ ತಂತಿಯನ್ನೂ ಎಳೆದುಕೊಂಡು ಬಂದಿದ್ದರೆ? ಒದ್ದೆ ಕೊಂಬೆ, ಒದ್ದೆ ನೆಲ, ಒಳಗೆ ಲೋಹದ ತಂತಿ ಇರುವ ಕೇಬಲ್. ದೂರದಿಂದ ನೋಡಿ ಹೇಳಲು ಬರುವುದಿಲ್ಲ. ವಿದ್ಯುತ್ ತಂತಿಗೆ ತಾಗಿರುವ ಅನುಮಾನ ಇದ್ದರೆ ಮೊದಲ ದೂರು 1912ಕ್ಕೆ, ನೆಟ್ ಕಂಪನಿಗೆ ಆಮೇಲೆ.

ಮಗಳು ಬೆಂಗಳೂರಿನಿಂದಲೇ ಕಂಪನಿಗೆ ದೂರು ಕೊಟ್ಟಳು. "ನೆಟ್ ಇಲ್ಲ" ಅಂತಷ್ಟೇ ಹೇಳಿದರೆ ಅವರು ಮತ್ತೆ "ಆಫ್ ಮಾಡಿ ಆನ್ ಮಾಡಿ" ಅನ್ನುವಲ್ಲಿಂದಲೇ ಶುರುಮಾಡುತ್ತಾರೆ. ಅವಳು ಹೇಳಿದ್ದು ಹೀಗೆ: POWER ಹಸಿರು, PON ಆರಿದೆ, LOS ಕೆಂಪು ಮಿನುಗುತ್ತಿದೆ, ಬೆಳಗ್ಗೆ ಕರೆಂಟ್ ಬಂದಾಗಿನಿಂದ ಹೀಗಿದೆ, ಪಕ್ಕದ ಮನೆಯಲ್ಲಿ ಸರಿ ಇದೆ, ಎರಡನೇ ಕಂಬದ ಹತ್ತಿರ ಕೊಂಬೆ ಬಿದ್ದು ಕೇಬಲ್ ಜೋತಿದೆ. ಇಷ್ಟು ತಿಳಿದರೆ ಬರುವ ಹುಡುಗ ಏಣಿ, ಕೇಬಲ್ ಸುರುಳಿ, ಗಾಜಿನ ಎಳೆಯನ್ನು ಕರಗಿಸಿ ಬೆಸೆಯುವ ಯಂತ್ರ ತೆಗೆದುಕೊಂಡೇ ಬರುತ್ತಾನೆ. ಬರೀ ನೋಡಿ ಹೋಗಲು ಒಂದು ದಿನ, ಸಾಮಾನು ತರಲು ಇನ್ನೊಂದು ದಿನ ಆಗುವುದು ತಪ್ಪುತ್ತದೆ. ಸುರಿಯುವ ಮಳೆಯಲ್ಲಿ ಬೆಸೆಯುವ ಕೆಲಸ ಆಗುವುದಿಲ್ಲ, ಹೊಳವಾಗುವವರೆಗೆ ಕಾಯಬೇಕಾಗಬಹುದು.

ಕೆಲಸ ಮುಗಿದ ಮೇಲೆ ಒಂದು ಅಂಕಿ ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಹುಡುಗನ ಕೈಯಲ್ಲಿರುವ ಚಿಕ್ಕ ಮೀಟರು ಬೆಳಕಿನ ಬಲವನ್ನು ಮೈನಸ್ ಲೆಕ್ಕದಲ್ಲಿ ತೋರಿಸುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 27 ದಾಟಿದರೆ ಸಾಮಾನ್ಯ ಪೆಟ್ಟಿಗೆ ಓದಲು ತಿಣುಕುತ್ತದೆ. ಮೈನಸ್ 26 ಅಂತ ಬಿಟ್ಟುಹೋದರೆ ಮುಂದಿನ ಜೋರು ಮಳೆಗೆ ನೆಟ್ ಬಂದು ಹೋಗಿ ಮಾಡುವ ಸಂಭವ ಹೆಚ್ಚು. ಹುಡುಗ ಮನೆಯಲ್ಲಿರುವಾಗಲೇ ಇನ್ನೊಮ್ಮೆ ನೋಡಲು ಕೇಳಬಹುದು.

## ದೀಪ ಎಲ್ಲ ಸರಿ, ನೆಟ್ ಮಾತ್ರ ಇಲ್ಲ

LOS ಆರಿದೆ, PON ನಿಂತು ಉರಿಯುತ್ತಿದೆ. ಆದರೂ ವಾಟ್ಸಾಪ್ ಬರುತ್ತಿಲ್ಲ. ಆಗ ಮೊದಲು WLAN ದೀಪ ನೋಡಿಸಿ. ಕೆಲವು ಪೆಟ್ಟಿಗೆಗಳ ಬದಿಯಲ್ಲಿ ವೈಫೈಗೆ ಅಂತಲೇ ಒಂದು ಗುಂಡಿ ಇರುತ್ತದೆ. ದೂಳು ಒರೆಸುವಾಗ ಅದು ಒತ್ತಿಹೋಗಿ ವೈಫೈ ಮಾತ್ರ ನಿಲ್ಲುವುದುಂಟು. ಅದನ್ನು ಮತ್ತೊಮ್ಮೆ ಒತ್ತಿದರೆ ಬರುತ್ತದೆ. ಇದರಿಂದ ಏನೂ ಅಳಿಸಿಹೋಗುವುದಿಲ್ಲ.

ಆಮೇಲೆ ಮನೆಯ ಇನ್ನೊಂದು ಫೋನು. ಅಮ್ಮನ ಫೋನಿನಲ್ಲಿ ಬರುತ್ತಿದೆ, ಅಪ್ಪನದರಲ್ಲಿ ಇಲ್ಲ ಅಂದರೆ ಪೆಟ್ಟಿಗೆಯ ತಂಟೆಗೆ ಹೋಗಲೇಬೇಡಿ. ಅಪ್ಪನ ಫೋನಿನಲ್ಲಿ ವಿಮಾನದ ಗುರುತು ಬಂದಿರಬಹುದು, ವೈಫೈ ಆಫ್ ಆಗಿರಬಹುದು. ಫೋನನ್ನೇ ಆರಿಸಿ ಹಾಕಲಿ.

ಎರಡೂ ಫೋನಿನಲ್ಲಿ ವೈಫೈ ಹೆಸರಿನ ಕೆಳಗೆ `Connected without internet` ಅಂತಲೋ ಅಂಥದ್ದೇ ಸಾಲೋ ಬಂದರೆ ಮನೆಯೊಳಗಿನ ಹಂಚಿಕೆ ಸರಿ ಇದೆ, ಹೊರಗಿನದು ನಿಂತಿದೆ ಅಂತ. ಇಲ್ಲಿ ಗೋಡೆಯ ಸ್ವಿಚ್ಚಿನ ರೀಸ್ಟಾರ್ಟ್ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಬಿಲ್ಲು ನೋಡಿ. ದುಡ್ಡು ಕಟ್ಟುವ ದಿನ ದಾಟಿದ್ದರೆ ಹೆಚ್ಚಿನ ಕಡೆ PON ದೀಪ ಎಂದಿನಂತೆ ಉರಿಯುತ್ತಲೇ ಇರುತ್ತದೆ, ನೆಟ್ ಮಾತ್ರ ನಿಂತಿರುತ್ತದೆ. ಇದಕ್ಕೆ ಅಪ್ಪ ಎದ್ದು ಓಡಾಡುವ ಅಗತ್ಯವೇ ಇಲ್ಲ, ನೀವೇ ಕೂತಲ್ಲಿಂದ ಕಟ್ಟಬಹುದು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಫೋನ್ ಬಂದ ಕೂಡಲೇ ಮೊದಲು ನೋಡಬೇಕಾದ್ದು ಇದನ್ನೇ.

ಬಿಲ್ಲೂ ಕಟ್ಟಿದೆ, ರೀಸ್ಟಾರ್ಟೂ ಆಯಿತು ಅಂದರೆ ತೊಂದರೆ ಕಂಪನಿಯ ಆಚೆ ಬದಿಯಲ್ಲಿದೆ. ಘಾಟಿಯಲ್ಲೋ ರಸ್ತೆ ಅಗಲ ಮಾಡುವ ಜಾಗದಲ್ಲೋ ಹೊರಗಿನಿಂದ ಪೇಟೆಯ ಯಂತ್ರಕ್ಕೆ ಬರುವ ದೊಡ್ಡ ಕೇಬಲ್ ತುಂಡಾದರೆ ಮನೆಯ ದೀಪಗಳು ಏನೂ ಆಗದ ಹಾಗೆ ಹಸಿರಾಗಿಯೇ ಇರುತ್ತವೆ. ಪೇಟೆಯ ಯಂತ್ರದಿಂದ ಮನೆಗೆ ಬೆಳಕು ಬರುತ್ತಿದೆಯಲ್ಲ!

## ಪೆಟ್ಟಿಗೆಯ ಪಕ್ಕ ಅಂಟಿಸುವ ಚೀಟಿ

ಇಷ್ಟೆಲ್ಲ ಅಪ್ಪ ಅಮ್ಮ ನೆನಪಿಟ್ಟುಕೊಳ್ಳಬೇಕಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹೆಬ್ಬೆರಳಿನಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ:

1. ಗುಡುಗು ಇದೆಯಾ? ಇದ್ದರೆ ಏನೂ ಮುಟ್ಟಬೇಡಿ.
2. ಮೊದಲನೆಯ ದೀಪ ಉರಿಯುತ್ತಿದೆಯಾ? ಇಲ್ಲದಿದ್ದರೆ ಸ್ವಿಚ್ಚು, ಪ್ಲಗ್ಗು, ಹಿಂದಿನ ದುಂಡು ಪಿನ್ನು ನೋಡಿ.
3. ಕೆಂಪು ದೀಪ ಇದೆಯಾ? ಹತ್ತು ಎಣಿಸಿ ನೋಡಿ. ಇದ್ದರೆ ಎಳೆಯ ಮೇಲೆ ಏನಾದರೂ ಬಿದ್ದಿದೆಯಾ ನೋಡಿ, ಗೇಟಿಗೆ ಹೋಗಿ ಫೋನ್ ಮಾಡಿ.
4. ಕೆಂಪು ಇಲ್ಲ, ನೆಟ್ಟೂ ಇಲ್ಲ: ಗೋಡೆಯ ಸ್ವಿಚ್ ಆರಿಸಿ. ಮೂವತ್ತು ಎಣಿಸಿ. ಹಾಕಿ. ಕಾಫಿ ಕುಡಿದು ಬನ್ನಿ.
5. ಎರಡು ಸಲ ಮಾಡಿಯೂ ಬರಲಿಲ್ಲವಾ? ಫೋನ್ ಮಾಡಿ.

ದೀಪಗಳ ಜಾಗವನ್ನು ನಿಮ್ಮ ಪೆಟ್ಟಿಗೆಗೆ ತಕ್ಕ ಹಾಗೆ ಬದಲಿಸಿ. ಗೋಡೆಯ ಆ ಒಂದು ಸ್ವಿಚ್ಚಿಗೆ ಹಸಿರು ಸ್ಟಿಕರ್ ಅಂಟಿಸಿ. ಇನ್ವರ್ಟರಿನ ಸ್ವಿಚ್ಚು ಅದರ ಪಕ್ಕದಲ್ಲೇ ಇರುವ ಮನೆಗಳಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಚೀಟಿಯ ಕೆಳಗೆ ಗ್ರಾಹಕ ಸಂಖ್ಯೆ ಮತ್ತು ಬಿಲ್ಲಿನ ಮೇಲೆ ಅಚ್ಚಾಗಿರುವ ದೂರಿನ ನಂಬರ್ ಬರೆಯಿರಿ. ನಂಬರನ್ನು ಬಿಲ್ಲಿನಿಂದಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಕಂಪನಿಯ ಹೆಸರಿನಲ್ಲಿ ವಂಚಕರು ಹಾಕಿದ ನಂಬರ್ ಸಿಗುವುದುಂಟು. ಕೆಂಪು ದೀಪ ಆರಿಸಲು ಯಾರಿಗೂ ಒಟಿಪಿ ಬೇಕಾಗುವುದಿಲ್ಲ, ಅಪ್ಪನ ಫೋನಿನಲ್ಲಿ ಹೊಸ ಆ್ಯಪ್ ಹಾಕಿಸಬೇಕಾಗಿಯೂ ಇಲ್ಲ. ಹಾಗೆ ಕೇಳಿದವರ ಫೋನನ್ನು ಅಲ್ಲೇ ಇಟ್ಟುಬಿಡಲು ಹೇಳಿ.